ಮಾತ್ರೆಯ ರೂಪ ಬದಲಾದಾಗ ಕಂಪನಿಗೆ ಬರೆಯುವ ಪತ್ರ

ಕೇಳುಗರಿಗೆ ನಮಸ್ಕಾರ.

ಥೈರಾಯ್ಡ್ ಕೊರತೆಗೆಂದು ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಥೈರಾಕ್ಸಿನ್ ಮಾತ್ರೆ ನುಂಗುವವರು ಬಹಳ ಮನೆಗಳಲ್ಲಿ ಇದ್ದಾರೆ. ಹಳೆಯ ಬಾಟಲಿ ಮುಗಿಯುತ್ತಾ ಬಂತೆಂದು ಅದೇ ಅಂಗಡಿಯಿಂದ ಅದೇ ಹೆಸರಿನ, ಅದೇ 50 ಮೈಕ್ರೋಗ್ರಾಮಿನ ಹೊಸ ಬಾಟಲಿ ತರುತ್ತೀರಿ. ಮುಚ್ಚಳ ತೆಗೆದು ನೋಡಿದರೆ ಮಾತ್ರೆ ಕೊಂಚ ದೊಡ್ಡದಾಗಿದೆ, ನಡುವೆ ಇದ್ದ ಗೀರು ಕಾಣುತ್ತಿಲ್ಲ. ಕಂಪನಿಯ ಕಸ್ಟಮರ್ ಕೇರ್‌ಗೆ ಬರೆದು ಕೇಳುವುದು ಸರಿಯಾದ ದಾರಿ. ಆದರೆ ಬರೆಯುವ ಮೊದಲು ಒಂದಿಷ್ಟು ನೋಡಿಕೊಳ್ಳಬೇಕು.

ಬಿಳಿ ಕಾಗದದ ಮೇಲೆ ಹತ್ತು ಹದಿನೈದು ಮಾತ್ರೆಗಳನ್ನು ಹರಡಿ. ಎಲ್ಲ ಮಾತ್ರೆಗಳೂ ಒಂದೇ ರೀತಿ ಬದಲಾಗಿವೆಯೇ, ಇಲ್ಲ ಕೆಲವು ಮಾತ್ರವೇ? ಇದೇ ಮುಖ್ಯ ಪ್ರಶ್ನೆ. ಎಲ್ಲವೂ ಒಂದೇ ಅಳತೆ, ಒಂದೇ ಬಣ್ಣ, ಅಂಚು ಚೊಕ್ಕ ಎಂದಾದರೆ ಸಾಮಾನ್ಯವಾಗಿ ಅಚ್ಚು ಬದಲಾಗಿರುತ್ತದೆ, ಕಾರ್ಖಾನೆ ಬದಲಾಗಿರುತ್ತದೆ, ಇಲ್ಲವೇ ಮಾತ್ರೆಗೆ ಸೇರಿಸುವ ಹಿಟ್ಟು, ಅಂಟು, ಬಣ್ಣ ಬದಲಾಗಿರುತ್ತವೆ. ಕೆಲವು ಮಾತ್ರೆಗಳ ಮೇಲಷ್ಟೇ ಮಚ್ಚೆ ಇದ್ದರೆ, ಕೆಲವು ಉಬ್ಬಿದ್ದರೆ, ಉಗುರು ತಾಗಿದರೆ ಪುಡಿಯಾಗುತ್ತಿದ್ದರೆ, ಮೇಲ್ಪದರ ಟೋಪಿಯಂತೆ ಕಳಚಿ ಬರುತ್ತಿದ್ದರೆ, ಅದು ತೇವದಿಂದಲೋ ತಯಾರಿಕೆಯಲ್ಲಿನ ದೋಷದಿಂದಲೋ ಆದ ಹಾನಿ. ಥೈರಾಕ್ಸಿನ್‌ಗೆ ಬೆಳಕು, ಬಿಸಿ, ತೇವ ಮೂರೂ ಆಗುವುದಿಲ್ಲ. ಅಡುಗೆಮನೆಯ ಶೆಲ್ಫಿನಲ್ಲಿ ಸರಿಯಾಗಿ ಮುಚ್ಚದೆ ಇಟ್ಟ ಬಾಟಲಿಯಲ್ಲೂ ಹೀಗಾಗಬಹುದು. ಆದ್ದರಿಂದ ಬಾಟಲಿಯನ್ನು ಎಲ್ಲಿ ಇಟ್ಟಿದ್ದಿರಿ ಎಂಬುದನ್ನೂ ಪತ್ರದಲ್ಲಿ ಇದ್ದಂತೆಯೇ ಹೇಳಬೇಕು.

ಆಮೇಲೆ ಲೇಬಲ್. ಮೊದಲು ಶಕ್ತಿಯನ್ನು ನೋಡಿ. 25, 50, 75, 100 ಮೈಕ್ರೋಗ್ರಾಮಿನ ಬಾಟಲಿಗಳು ಒಂದನ್ನೊಂದು ಹೋಲುತ್ತವೆ. ಅಂಗಡಿಯಲ್ಲಿ 50ರ ಬದಲು 100 ಕೈಗೆ ಬಂದಿದ್ದರೆ ಅಲ್ಲೇ ತಿಳಿಯುತ್ತದೆ, ಕಂಪನಿಗೆ ಬರೆಯುವ ಕೆಲಸವೇ ಇಲ್ಲ. ಶಕ್ತಿ ಸರಿಯಿದ್ದರೆ ಹಳೆಯ ಮತ್ತು ಹೊಸ ಲೇಬಲ್‌ಗಳಲ್ಲಿ ತಯಾರಕರ ವಿಳಾಸ ಹೋಲಿಸಿ. ದೊಡ್ಡ ಅಕ್ಷರದಲ್ಲಿರುವುದು ಬಹಳ ಸಲ ಮಾರಾಟ ಮಾಡುವ ಕಂಪನಿಯ ಹೆಸರು. ಮಾತ್ರೆ ಒತ್ತಿದ ಕಾರ್ಖಾನೆಯ ಹೆಸರು, ಊರು, ಲೈಸೆನ್ಸ್ ನಂಬರು ಸಣ್ಣ ಅಕ್ಷರದಲ್ಲಿರುತ್ತವೆ. ಊರು ಬೇರೆಯಾಗಿದ್ದರೆ ಮಾತ್ರೆಯ ರೂಪ ಬೇರೆಯಾಗಲು ಒಂದು ಕಾರಣ ಸಿಕ್ಕಂತಾಯಿತು. ಆಗಸ್ಟ್ 2023ರಿಂದ 300 ಬ್ರ್ಯಾಂಡ್‌ಗಳ ಮೇಲೆ ಬಾರ್ ಕೋಡ್ ಅಥವಾ ಕ್ಯೂಆರ್ ಕೋಡ್ ಕಡ್ಡಾಯವಾಗಿದೆ. ನಿಮ್ಮ ಬಾಟಲಿಯಲ್ಲಿ ಅದು ಇದ್ದರೆ ಮೊಬೈಲಿನಲ್ಲಿ ತೆರೆದು, ಅಲ್ಲಿ ಬರುವ ಬ್ಯಾಚ್ ನಂಬರು ಮತ್ತು ದಿನಾಂಕಗಳು ಲೇಬಲ್‌ನಲ್ಲಿ ಅಚ್ಚಾದವಕ್ಕೆ ತಾಳೆಯಾಗುತ್ತವೆಯೇ ನೋಡಿ.

ಈಗ ಫೋಟೋ. ಹಳೆಯ ಬಾಟಲಿಯಲ್ಲಿ ಉಳಿದ ಮಾತ್ರೆಯಲ್ಲಿ ಒಂದೆರಡನ್ನು ನುಂಗದೆ ಎತ್ತಿಡಿ, ಹೋಲಿಸಲು ಬೇರೇನೂ ಸಿಗುವುದಿಲ್ಲ. ಹಗಲು ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ, ಹಳೆಯದು ಹೊಸದು ಪಕ್ಕಪಕ್ಕ ಇಟ್ಟು, ಕೆಳಗೆ ಮಕ್ಕಳ ಸ್ಕೇಲ್ ಇಟ್ಟು ತೆಗೆಯಿರಿ. ಮಾತ್ರೆಯ ಎರಡೂ ಮುಖ ಬೇಕು. ಫ್ಲ್ಯಾಶ್ ಹಾಕಿದರೆ ಮಾಸಲು ಹಳದಿಯೂ ಅಚ್ಚ ಬಿಳಿಯಾಗಿ ಬರುತ್ತದೆ, ಕೇಳಿದ ಪ್ರಶ್ನೆಗೆ ಅರ್ಥವೇ ಇರುವುದಿಲ್ಲ.

ಪತ್ರ ಹೀಗಿರಲಿ, ಒಂದು ಮಾದರಿ ಓದುತ್ತೇನೆ.

"ಮಾನ್ಯರೇ, ನಿಮ್ಮ ಥೈರಾಕ್ಸಿನ್ 50 ಮೈಕ್ರೋಗ್ರಾಂ ಮಾತ್ರೆಯ ಎರಡು ಬಾಟಲಿಗಳು ನನ್ನ ಬಳಿ ಇವೆ. ಹಳೆಯದರ ಬ್ಯಾಚ್ ನಂಬರು, ತಯಾರಾದ ತಿಂಗಳು, ಎಕ್ಸ್‌ಪೈರಿ, ಕಾರ್ಖಾನೆಯ ಊರು ಇವು. ಹೊಸದರವು ಇವು. ಹಳೆಯ ಮಾತ್ರೆ ಬಿಳಿ, ದುಂಡು, ಸುಮಾರು 6 ಮಿಲಿಮೀಟರ್ ಅಗಲ, ಒಂದು ಮುಖದಲ್ಲಿ ಗೀರು ಇದೆ. ಹೊಸದು ತುಸು ಮಾಸಲು ಬಿಳಿ, ಸುಮಾರು 7 ಮಿಲಿಮೀಟರ್, ಗೀರು ಇಲ್ಲ. ಬಾಟಲಿಯ ಎಲ್ಲ ಮಾತ್ರೆಗಳೂ ಹೀಗೇ ಇವೆ. ಸೀಲ್ ಒಡೆದಿರಲಿಲ್ಲ. ಬಾಟಲಿಯನ್ನು ಬೀರುವಿನಲ್ಲಿ ಮುಚ್ಚಿ ಇಟ್ಟಿದ್ದೇನೆ. ಬಿಲ್ ಮತ್ತು ಫೋಟೋ ಜೊತೆಗಿವೆ. ದಯವಿಟ್ಟು ಮೂರು ವಿಷಯ ತಿಳಿಸಿ. ಈ ಬ್ಯಾಚ್ ನಂಬರು, ದಿನಾಂಕ, ಲೈಸೆನ್ಸ್ ನಂಬರು ನಿಮ್ಮ ದಾಖಲೆಯಲ್ಲಿ ಇವೆಯೇ? ಈ ಬ್ಯಾಚಿನ ಮಾತ್ರೆ ಹೇಗಿರಬೇಕೆಂದು ನಿಮ್ಮ ದಾಖಲೆ ಹೇಳುತ್ತದೆ, ನನ್ನ ಫೋಟೋ ಅದಕ್ಕೆ ಹೊಂದುತ್ತದೆಯೇ? ಕಾರ್ಖಾನೆಯಾಗಲಿ, ಔಷಧದ ಜೊತೆ ಸೇರಿಸುವ ವಸ್ತುಗಳಾಗಲಿ ಬದಲಾಗಿದ್ದರೆ ಯಾವ ಬ್ಯಾಚಿನಿಂದ, ಏನು ಬದಲಾಯಿತು? ಇದನ್ನು ಗುಣಮಟ್ಟದ ದೂರಾಗಿ ದಾಖಲಿಸಿ, ದೂರಿನ ನಂಬರು ಕಳಿಸಿ."

ಇಷ್ಟೇ ಸಾಕು. ನಕಲಿ ಮಾತ್ರೆ ಮಾರುತ್ತಿದ್ದೀರಿ ಎಂದು ಆರಂಭಿಸಿದರೆ ಕ್ಷಮೆಯ ಸಿದ್ಧ ಉತ್ತರ ಬರುತ್ತದೆ, ಮಾಹಿತಿ ಬರುವುದಿಲ್ಲ. ಬ್ಯಾಚ್ ನಂಬರನ್ನು ಟೈಪ್ ಮಾಡುವುದರ ಜೊತೆಗೆ ಅದರ ಫೋಟೋವನ್ನೂ ಹಾಕಿ, ಏಕೆಂದರೆ ಸೊನ್ನೆ ಮತ್ತು ಓ, 8 ಮತ್ತು ಬಿ ಅದಲುಬದಲಾಗುತ್ತವೆ. ಕಂಪನಿಗಳು ಪ್ರತಿ ಬ್ಯಾಚಿನ ಒಂದಿಷ್ಟು ಮಾತ್ರೆಗಳನ್ನು ತಮ್ಮಲ್ಲಿ ಎತ್ತಿಟ್ಟಿರುತ್ತವೆ. ನಿಮ್ಮ ಫೋಟೋವನ್ನು ಅದರ ಜೊತೆ ಹೋಲಿಸಬಹುದು, ನಂಬರು ತಪ್ಪಿದರೆ ಹೋಲಿಸುವುದು ಬೇರೊಂದು ಬ್ಯಾಚನ್ನೇ.

ಇಮೇಲ್ ವಿಳಾಸ, ಫೋನ್ ನಂಬರನ್ನು ಲೇಬಲ್‌ನಿಂದಲೇ ತೆಗೆದುಕೊಳ್ಳಿ. ಇಂಟರ್ನೆಟ್ಟಿನಲ್ಲಿ ಹುಡುಕಿದರೆ ಕಸ್ಟಮರ್ ಕೇರ್ ಹೆಸರಿನ ಮೋಸದ ನಂಬರುಗಳೂ ಸಿಗುತ್ತವೆ. ಹಣ ವಾಪಸ್ ಮಾಡುತ್ತೇವೆ, ಓಟಿಪಿ ಹೇಳಿ ಎಂದರೆ ಅದು ಕಂಪನಿ ಅಲ್ಲ. ಮಾದರಿ ಕಳಿಸಿ ಎಂದು ಕಂಪನಿ ಕೇಳಿದರೆ ಕೆಲವು ಮಾತ್ರೆ ಮಾತ್ರ ಕೊಡಿ. ಬಾಟಲಿ, ಲೇಬಲ್, ಉಳಿದ ಮಾತ್ರೆ ನಿಮ್ಮಲ್ಲೇ ಇರಲಿ.

ಉತ್ತರ ಬರುವವರೆಗೆ ಮಾತ್ರೆ ನುಂಗಬೇಕೇ? ಇದನ್ನು ವೈದ್ಯರನ್ನೇ ಕೇಳಬೇಕು, ಕಂಪನಿ ಹೇಳಲಾರದು. ಥೈರಾಕ್ಸಿನ್ ದೇಹದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು ಒಂದು ವಾರ ಹಿಡಿಯುತ್ತದೆ. ಹಾಗಾಗಿ ವೈದ್ಯರಿಗೆ ಫೋನ್ ಮಾಡಿ, ಬೇರೆ ಬ್ಯಾಚಿನ ಬಾಟಲಿ ತರುವಷ್ಟು ಸಮಯ ಇರುತ್ತದೆ. ಮೂರ್ಛೆ ರೋಗ, ಹೃದಯದ ಔಷಧಗಳಲ್ಲಿ ಇಷ್ಟು ಬಿಡುವಿಲ್ಲ, ಅವುಗಳಲ್ಲಿ ಒಂದು ಹೊತ್ತೂ ತಪ್ಪಿಸದೆ ಅಂದೇ ವೈದ್ಯರನ್ನು ಕೇಳಬೇಕು.

ಸೇರಿಸುವ ವಸ್ತುಗಳ ಬಗ್ಗೆ ಕೇಳುವುದು ಏಕೆಂದರೆ, ಥೈರಾಕ್ಸಿನ್ ಮೈಕ್ರೋಗ್ರಾಮುಗಳ ಲೆಕ್ಕದ ಔಷಧ. ಮಾತ್ರೆಯ ತೂಕದ ಬಹುಪಾಲು ಬೇರೆ ಪದಾರ್ಥಗಳದೇ. ಫ್ರಾನ್ಸಿನಲ್ಲಿ 2017ರಲ್ಲಿ ಇದೇ ಔಷಧದ ಮಾತ್ರೆಯಲ್ಲಿ ಲ್ಯಾಕ್ಟೋಸ್ ತೆಗೆದು ಮ್ಯಾನಿಟಾಲ್ ಮತ್ತು ಸಿಟ್ರಿಕ್ ಆಮ್ಲ ಹಾಕಿದರು. ಥೈರಾಕ್ಸಿನ್ ಪ್ರಮಾಣ ಅಷ್ಟೇ ಇದ್ದರೂ ಸಾವಿರಾರು ರೋಗಿಗಳು ತೊಂದರೆ ಹೇಳಿಕೊಂಡರು. ಬದಲಾವಣೆ ಆಗಿದೆ ಎಂಬ ಉತ್ತರ ಬಂದರೆ ಅದನ್ನು ವೈದ್ಯರಿಗೆ ತೋರಿಸಿ. ಹೊಸ ಮಾತ್ರೆ ಶುರುಮಾಡಿ ಆರರಿಂದ ಎಂಟು ವಾರವಾದ ಮೇಲೆ ಟಿಎಸ್‌ಎಚ್ ಪರೀಕ್ಷೆ ಬರೆದುಕೊಡಬಹುದು. ಅದಕ್ಕಿಂತ ಮೊದಲೇ ಮಾಡಿಸಿದರೆ ಅಂಕಿ ಇನ್ನೂ ನೆಲೆ ನಿಂತಿರುವುದಿಲ್ಲ.

ಎದೆ ಬಡಿತ, ಬೆವರು, ವಿಪರೀತ ಸುಸ್ತು ಹೊಸ ಮಾತ್ರೆಯ ನಂತರ ಶುರುವಾಗಿದ್ದರೆ ಮೊದಲು ವೈದ್ಯರನ್ನು ಕಾಣಿ. ಅದನ್ನು ಪತ್ರದಲ್ಲಿ ಪ್ರತ್ಯೇಕ ಪ್ಯಾರಾದಲ್ಲಿ ದಿನಾಂಕ ಸಹಿತ ಬರೆಯಿರಿ, ಜೊತೆಗೆ ಅಡ್ಡಪರಿಣಾಮ ವರದಿಯ ಟೋಲ್ ಫ್ರೀ ನಂಬರು 1800 180 3024ಕ್ಕೂ ತಿಳಿಸಿ.

ಆ ಬ್ಯಾಚ್ ನಮ್ಮದಲ್ಲ ಎಂದು ಕಂಪನಿ ಬರೆದರೆ, ಅಥವಾ ಉತ್ತರವೇ ಬಾರದಿದ್ದರೆ, ಜಿಲ್ಲೆಯ ಔಷಧ ನಿಯಂತ್ರಣ ಕಚೇರಿಗೆ ಪತ್ರದ ಪ್ರತಿ, ಬಿಲ್, ಬಾಟಲಿ ತೆಗೆದುಕೊಂಡು ಹೋಗಿ. 1940ರ ಔಷಧ ಮತ್ತು ಕಾಂತಿವರ್ಧಕ ಕಾಯ್ದೆಯ 26ನೇ ಕಲಮಿನ ಪ್ರಕಾರ, ಔಷಧ ಕೊಂಡ ಯಾರೇ ಆದರೂ ನಿಗದಿತ ಶುಲ್ಕ ಕಟ್ಟಿ ಸರ್ಕಾರಿ ವಿಶ್ಲೇಷಕರಿಂದ ಅದನ್ನು ಪರೀಕ್ಷೆ ಮಾಡಿಸಿ, ಸಹಿ ಮಾಡಿದ ವರದಿ ಪಡೆಯಬಹುದು. ಅದೇ ಬ್ಯಾಚಿನ ಸೀಲ್ ಒಡೆಯದ ಇನ್ನೊಂದು ಬಾಟಲಿ ಅಂಗಡಿಯಲ್ಲಿದ್ದರೆ ಬಿಲ್ ಸಹಿತ ಕೊಂಡು ಅದನ್ನೇ ಕೊಡುವುದು ಮೇಲು. ಆಗ ಮನೆಯಲ್ಲಿ ಇಟ್ಟ ರೀತಿಯಿಂದ ಮಾತ್ರೆ ಕೆಟ್ಟಿತು ಎಂಬ ವಾದಕ್ಕೆ ಎಡೆಯಿರುವುದಿಲ್ಲ.

ನಮಸ್ಕಾರ.