ಮೆತ್ತಗಾದ ವಡೆಗೂ ಮೆತ್ತಗಾದ ಚಕ್ಕುಲಿಗೂ ಒಂದೇ ಬಿಸಿ ಸಲ್ಲದು

ಎಲ್ಲರಿಗೂ ನಮಸ್ಕಾರ.

ಕರಿದ ತಿಂಡಿಯನ್ನು ಮತ್ತೆ ಗರಿಗರಿ ಮಾಡುವುದು ಹೇಗೆ ಎಂದು ಕೇಳುವವರು ಸಾಮಾನ್ಯವಾಗಿ ಎರಡೇ ಸಂಖ್ಯೆ ಕೇಳುತ್ತಾರೆ: ಎಷ್ಟು ಡಿಗ್ರಿ, ಎಷ್ಟು ನಿಮಿಷ? ಹೇಳುತ್ತೇನೆ. ಆದರೆ ಆ ಸಂಖ್ಯೆಗಳಿಗೆ ಮೊದಲು ಇನ್ನೊಂದು ಪ್ರಶ್ನೆ ಇದೆ. ತಿಂಡಿ ಮೆತ್ತಗಾಗಿದ್ದು ಯಾವ ನೀರಿನಿಂದ? ಉದ್ದಿನ ವಡೆಯ ಹೊರಪದರವನ್ನು ಮೆತ್ತಗೆ ಮಾಡುವುದು ವಡೆಯ ಒಳಗಿನ ನೀರು. ಚಕ್ಕುಲಿಯನ್ನು ಮೆತ್ತಗೆ ಮಾಡುವುದು ಹೊರಗಿನ ಗಾಳಿಯ ತೇವ. ಇದು ತಿಳಿದರೆ ಡಿಗ್ರಿಯೂ ನಿಮಿಷವೂ ತಾವಾಗಿಯೇ ಹೊಂದಿಕೊಳ್ಳುತ್ತವೆ.

ಮೊದಲು ವಡೆ. ಹಿಟ್ಟನ್ನು ಕಾದ ಎಣ್ಣೆಗೆ ಬಿಟ್ಟಾಗ ಬುಳಬುಳನೆ ಗುಳ್ಳೆ ಏಳುತ್ತದಲ್ಲ, ಅದು ಎಣ್ಣೆ ಕುದಿಯುವುದಲ್ಲ, ಹಿಟ್ಟಿನ ನೀರು ಆವಿಯಾಗಿ ಹೊರಗೆ ಹೋಗುವುದು. ಮೇಲಿನ ತೆಳುಪದರದ ನೀರು ಪೂರ್ತಿ ಹೋಗಿ ಅದು ಬಿರುಸಾಗುತ್ತದೆ. ಒಳಗಿನ ಭಾಗ ಮಾತ್ರ ಬೆಂದು, ಒದ್ದೆಯಾಗಿ, ಮೃದುವಾಗಿಯೇ ಉಳಿಯುತ್ತದೆ. ಬಾಣಲೆಯಿಂದ ತೆಗೆದ ಕ್ಷಣದಿಂದಲೇ ಒಳಗಿನ ನೀರು ಒಣಗಿದ ಹೊರಪದರದ ಕಡೆಗೆ ಹರಿಯತೊಡಗುತ್ತದೆ. ಹೋಟೆಲಿನಿಂದ ಬಿಸಿಬಿಸಿ ವಡೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಸಿಕೊಂಡು ಬಂದರೆ ಈ ಕೆಲಸ ಇನ್ನೂ ಬೇಗ ಆಗುತ್ತದೆ. ತನ್ನ ಆವಿಯಲ್ಲಿ ತಾನೇ ನೆನೆಯುತ್ತದೆ.

ಹಾಗಾದರೆ ನಾವು ಮಾಡಬೇಕಾದ್ದು ಏನು? ಹೊರಪದರದ ನೀರನ್ನು ತೆಗೆಯಬೇಕು, ಒಳಗಿನದನ್ನು ಬಿಡಬೇಕು. ಬಿಸಿ ಜೋರಾಗಿರಬೇಕು, ಸಮಯ ಕಡಿಮೆ ಇರಬೇಕು. ಮೈಕ್ರೊವೇವ್ ಇದಕ್ಕೆ ತದ್ವಿರುದ್ಧ. ಅದು ಒಳಗಿನ ನೀರನ್ನೂ ಬಿಸಿ ಮಾಡುತ್ತದೆ, ಆ ಆವಿ ಹೊರಗೆ ನುಗ್ಗಿ ಪದರವನ್ನು ನೆನೆಸುತ್ತದೆ, ಸುತ್ತಲಿನ ಗಾಳಿ ತಣ್ಣಗಿರುವುದರಿಂದ ಅದು ಒಣಗುವುದೂ ಇಲ್ಲ. ವಡೆ ಬಾಯಿ ಸುಡುವಷ್ಟು ಬಿಸಿಯಾಗುತ್ತದೆ, ಆದರೆ ರಬ್ಬರಿನಂತೆ ಎಳೆಯುತ್ತದೆ.

ಬೆಳಿಗ್ಗೆ ಕರಿದ ನಾಲ್ಕು ಉದ್ದಿನ ವಡೆ ಸಂಜೆಗೆ ಉಳಿದಿವೆ ಎಂದುಕೊಳ್ಳಿ. ಏರ್ ಫ್ರೈಯರ್ ಅನ್ನು ಖಾಲಿಯಾಗಿಯೇ 180 ಡಿಗ್ರಿ ಸೆಲ್ಸಿಯಸ್‌ಗೆ ಇಟ್ಟು ಮೂರು ನಿಮಿಷ ಕಾಯಿಸಿ. ವಡೆಗಳನ್ನು ಒಂದಕ್ಕೊಂದು ತಾಗದಂತೆ ಒಂದೇ ಸಾಲಿನಲ್ಲಿ ಇಡಿ. ಎಣ್ಣೆ ಸವರುವ ಅಗತ್ಯವಿಲ್ಲ, ಪದರದಲ್ಲಿರುವ ಎಣ್ಣೆಯೇ ಕರಗಿ ಮೇಲೆ ಬರುತ್ತದೆ. ಮೂರು ನಿಮಿಷಕ್ಕೆ ತಿರುಗಿಸಿ, ಇನ್ನೆರಡು ನಿಮಿಷ ಬಿಡಿ. ಆಗ ಫೋರ್ಕಿನ ತುದಿಯಿಂದ ಮೇಲೆ ಮೆಲ್ಲಗೆ ಗೀರಿ ನೋಡಿ. ಕರಕರ ಸದ್ದು ಬಂದರೆ ತೆಗೆಯಿರಿ. ಸದ್ದಿಲ್ಲದೆ ಮೊನೆ ಒಳಗಿಳಿದರೆ ಇನ್ನೊಂದು ನಿಮಿಷ ಬೇಕು.

ಓಟಿಜಿ, ಅಂದರೆ ಮೇಜಿನ ಮೇಲಿಡುವ ಸಣ್ಣ ಓವನ್, ಇದ್ದವರಿಗೆ ಲೆಕ್ಕ ಬೇರೆ. ಏರ್ ಫ್ರೈಯರ್‌ನಲ್ಲಿ ಫ್ಯಾನ್ ಇದೆ. ತಿಂಡಿಯ ಮೈಗೆ ಅಂಟಿಕೊಂಡ ಒದ್ದೆ ಗಾಳಿಯನ್ನು ಅದು ಗುಡಿಸಿ ಒಯ್ಯುತ್ತದೆ, ಒಣ ಬಿಸಿ ಗಾಳಿ ಆ ಜಾಗಕ್ಕೆ ಬರುತ್ತದೆ. ಫ್ಯಾನ್ ಇಲ್ಲದ ಓವನ್‌ನಲ್ಲಿ ಆ ಒದ್ದೆ ಗಾಳಿ ಅಲ್ಲೇ ನಿಲ್ಲುತ್ತದೆ. ಆದ್ದರಿಂದ 200 ಡಿಗ್ರಿ, ಮೇಲಿನ ಕೆಳಗಿನ ಎರಡೂ ರಾಡ್, ಹತ್ತು ನಿಮಿಷ ಮುಂಚಿತವಾಗಿ ಕಾಯಿಸುವುದು, ಆಮೇಲೆ ಎಂಟರಿಂದ ಹತ್ತು ನಿಮಿಷ. ವಡೆಯನ್ನು ಟ್ರೇ ಮೇಲೆ ಇಡಬೇಡಿ, ತಂತಿಯ ಜಾಲರಿ ಮೇಲೆ ಇಡಿ. ಟ್ರೇಗೆ ತಾಗಿದ ಕಡೆ ಆವಿಗೆ ದಾರಿಯಿಲ್ಲದೆ ತಳ ಒದ್ದೆಯಾಗಿಯೇ ಉಳಿಯುತ್ತದೆ. ಇನ್ನೊಂದು ಮಾತು. ಮನೆಯ ಓವನ್‌ನ ಗುಂಡಿ ತೋರಿಸುವ ಡಿಗ್ರಿಗೂ ಒಳಗಿನ ನಿಜವಾದ ಬಿಸಿಗೂ ಹತ್ತಿಪ್ಪತ್ತು ಡಿಗ್ರಿ ವ್ಯತ್ಯಾಸವಿರುವುದು ಸಾಮಾನ್ಯ. ಮೊದಲ ಸಲ ನಿಮಿಷವನ್ನು ನಂಬಬೇಡಿ, ಫೋರ್ಕಿನ ಸದ್ದನ್ನು ನಂಬಿ.

ಫ್ರಿಜ್‌ನಿಂದ ತೆಗೆದ ವಡೆಯನ್ನು ನೇರವಾಗಿ 180ಕ್ಕೆ ಹಾಕಿದರೆ ಹೊರಗೆ ಕಂದುಗಟ್ಟಿ ಒಳಗೆ ತಣ್ಣಗಿರುತ್ತದೆ. ಅದಕ್ಕೆ ಎರಡು ಹಂತ ಬೇಕು. 150 ಡಿಗ್ರಿಯಲ್ಲಿ ನಾಲ್ಕು ನಿಮಿಷ ಒಳಗಿನ ತಣ್ಣನೆ ಬಿಡಿಸಿ, ಆಮೇಲೆ 190ಕ್ಕೆ ಏರಿಸಿ ಎರಡು ನಿಮಿಷ ಪದರ ಒಣಗಿಸಿ. ಆಲೂಗಡ್ಡೆ ಬೋಂಡಾ, ಸಮೋಸಗಳಿಗೂ ಇದೇ ಕ್ರಮ, ಮೊದಲ ಹಂತಕ್ಕೆ ಇನ್ನೆರಡು ಮೂರು ನಿಮಿಷ ಹೆಚ್ಚು. ಒಂದನ್ನು ಮುರಿದು ನೋಡಿ, ಪಲ್ಯದಿಂದ ಹಬೆ ಏಳಬೇಕು.

ಎಚ್ಚರಿಕೆಯ ಹೆಸರಿನಲ್ಲಿ ಬಿಸಿ ಕಡಿಮೆ ಮಾಡಿ ಹೊತ್ತು ಹೆಚ್ಚಿಸುವವರು ಬಹಳ. 120 ಡಿಗ್ರಿಯಲ್ಲಿ ಇಪ್ಪತ್ತು ನಿಮಿಷ ಇಟ್ಟ ವಡೆಯಲ್ಲಿ ಹೊರಪದರ ಒಣಗುತ್ತಿದ್ದಂತೆ ಒಳಗಿನಿಂದ ನೀರು ಬಂದು ಅದನ್ನು ತುಂಬುತ್ತಲೇ ಇರುತ್ತದೆ. ಕೊನೆಗೆ ಪದರ ಒಣಗುವಷ್ಟರಲ್ಲಿ ಒಳಗೂ ಒಣಗಿ, ಇಡೀ ವಡೆ ಬಿರುಸಾಗುತ್ತದೆ. ಎರಡನೇ ಸಲ ಬಿಸಿ ಮಾಡಿದ ವಡೆಗೂ ಇದೇ ಗತಿ. ತಿನ್ನುವಷ್ಟನ್ನೇ ಬಿಸಿ ಮಾಡಿ, ಹತ್ತು ಹದಿನೈದು ನಿಮಿಷದೊಳಗೆ ತಿಂದುಬಿಡಿ, ಮುಚ್ಚಿಡಬೇಡಿ.

ಮದ್ದೂರು ವಡೆಯ ಸ್ವಭಾವ ಸ್ವಲ್ಪ ಬೇರೆ. ಮೈದಾ, ಅಕ್ಕಿಹಿಟ್ಟು, ರವೆಯ ತಟ್ಟಿದ ವಡೆ ಅದು, ತೆಳ್ಳಗಿದೆ, ಒಳಗೆ ನೀರು ಕಡಿಮೆ. ಅಂಚಿನಲ್ಲಿ ಈರುಳ್ಳಿ ಚೂರು ಹೊರಗೆ ಇಣುಕುತ್ತಿರುತ್ತದೆ, 180ರಲ್ಲಿ ಮೊದಲು ಕಪ್ಪಾಗಿ ಕಹಿಯಾಗುವುದು ಅದೇ. 160 ಡಿಗ್ರಿ, ನಾಲ್ಕೈದು ನಿಮಿಷ ಸಾಕು. ಈರುಳ್ಳಿ ಪಕೋಡಕ್ಕೂ ಈ ಲೆಕ್ಕವೇ ಹೊಂದುತ್ತದೆ.

ಈಗ ಚಕ್ಕುಲಿ, ಕೋಡುಬಳೆ, ನಿಪ್ಪಟ್ಟು. ಇವುಗಳನ್ನು ಎಣ್ಣೆಯಲ್ಲಿ ಗುಳ್ಳೆ ಅಡಗುವವರೆಗೂ ಕರಿಯುತ್ತೇವೆ. ಅಂದರೆ ಹೊರಗೂ ಒಳಗೂ ನೀರು ಬಹುಪಾಲು ಹೋಗಿರುತ್ತದೆ. ಮಳೆಗಾಲದಲ್ಲಿ, ಅದರಲ್ಲೂ ಮಲೆನಾಡು ಕರಾವಳಿಯಲ್ಲಿ, ಡಬ್ಬಿಯ ಮುಚ್ಚಳ ಸಡಿಲವಿದ್ದರೆ ಗಾಳಿಯ ತೇವ ಮೆಲ್ಲಗೆ ಒಳಸೇರುತ್ತದೆ. ಆ ತೇವ ಎಷ್ಟು ಸಣ್ಣದು ನೋಡಿ: 200 ಗ್ರಾಂ ಚಕ್ಕುಲಿಯಲ್ಲಿ ನೀರಿನ ಪಾಲು ಶೇಕಡ 3ರಿಂದ 6ಕ್ಕೆ ಏರಿದರೆ ಸೇರಿದ ನೀರು ಸುಮಾರು 6 ಗ್ರಾಂ, ಒಂದು ಟೀ ಚಮಚಕ್ಕಿಂತ ತುಸು ಹೆಚ್ಚು. ಅಷ್ಟಕ್ಕೇ ಚಕ್ಕುಲಿ ಮುರಿಯುವ ಬದಲು ಬಾಗತೊಡಗುತ್ತದೆ.

ಇಲ್ಲಿ ಒಳಗೆ ಉಳಿಸಿಕೊಳ್ಳಬೇಕಾದ ನೀರೇ ಇಲ್ಲ. ಆತುರ ಬೇಡ. ಜೋರು ಬಿಸಿ ಕೊಟ್ಟರೆ ಆಗಲೇ ಹದವಾಗಿ ಕೆಂಪಾಗಿರುವ ಚಕ್ಕುಲಿ ಕಪ್ಪಾಗುತ್ತದೆ, ಎಳ್ಳು ಜೀರಿಗೆ ಸೀದ ವಾಸನೆ ಬರುತ್ತದೆ. ಓವನ್‌ನಲ್ಲಿ 120 ಡಿಗ್ರಿ, ಹತ್ತರಿಂದ ಹದಿನೈದು ನಿಮಿಷ. ಏರ್ ಫ್ರೈಯರ್‌ನಲ್ಲಿ ಅಷ್ಟೇ ಡಿಗ್ರಿ, ಆರರಿಂದ ಎಂಟು ನಿಮಿಷ. ಅಡುಗೆಮನೆಯ ತಕ್ಕಡಿ ಇದ್ದರೆ ಹಾಕುವ ಮುಂಚೆ ತೂಗಿ, ತೆಗೆದ ಮೇಲೆ ತೂಗಿ, ಮತ್ತೆ ಮೂರು ನಿಮಿಷ ಇಟ್ಟು ತೂಗಿ. ತೂಕ ಇಳಿಯುವುದು ನಿಂತರೆ ನೀರು ಹೋಗಿದೆ ಎಂದೇ ಅರ್ಥ.

ಬಹಳ ಜನ ಎಡವುವುದು ಇಲ್ಲೇ: ಓವನ್‌ನಿಂದ ತೆಗೆದ ತಕ್ಷಣ ಮುರಿದು ನೋಡುತ್ತಾರೆ, ಇನ್ನೂ ಮೆತ್ತಗಿದೆ ಎಂದು ಮತ್ತೆ ಒಳಗಿಡುತ್ತಾರೆ, ಕರಕಲು ಮಾಡುತ್ತಾರೆ. ಬಿಸಿಯಲ್ಲಿ ಪಿಷ್ಟ ಮೆತ್ತಗೇ ಇರುತ್ತದೆ. ನೀರು ಹೋದ ಪಿಷ್ಟ ಬಿರುಸಾಗುವುದು ಆರಿದ ಮೇಲೆ. ಜಾಲರಿಯ ಮೇಲೆ ಹರಡಿ ಕಾಲು ಗಂಟೆ ಬಿಡಿ, ಆಮೇಲೆ ಮುರಿದು ನೋಡಿ. ಪೂರ್ತಿ ತಣ್ಣಗಾದ ನಂತರವೇ ಗಾಳಿಯಾಡದ ಡಬ್ಬಿಗೆ ತುಂಬಿ, ಬೆಚ್ಚಗಿರುವಾಗ ಮುಚ್ಚಿದರೆ ಮುಚ್ಚಳದಲ್ಲಿ ಹನಿಗಟ್ಟಿದ ಆವಿ ಅದರ ಮೇಲೆಯೇ ಬೀಳುತ್ತದೆ.

ಓವನ್ ತೆಗೆಯುವುದು ನೀರನ್ನು ಮಾತ್ರ. ಹಳೆಯ ಚಕ್ಕುಲಿಯಲ್ಲಿ ಎಣ್ಣೆಯೇ ಕೆಟ್ಟು ಕಮಟು ವಾಸನೆ ಬಂದಿದ್ದರೆ ಬಿಸಿ ಮಾಡಿದಷ್ಟೂ ಅದು ಹೆಚ್ಚಾಗುತ್ತದೆ. ಆದ್ದರಿಂದ ಒಳಗಿಡುವ ಮುಂಚೆ ಒಂದನ್ನು ಮುರಿದು, ಮುರಿದ ಕಡೆ ಮೂಸಿ ನೋಡಿ. ಕಮಟು ಬಂದರೆ ಎಸೆಯಿರಿ.