ಪಾಲುದಾರನ ಸಾಲವನ್ನು ನಗದೀಕರಣ ಖಾತೆಗೆ ಒಯ್ಯಬೇಡಿ

ಗೆಳೆಯರೇ, ನಗದೀಕರಣ ಖಾತೆ ನಿಮಗೆಲ್ಲ ಪರಿಚಿತವೇ. ಆದ್ದರಿಂದ ಉತ್ತರಪತ್ರಿಕೆಗಳಲ್ಲಿ ಮತ್ತೆ ಮತ್ತೆ ಕಾಣುವ ಒಂದೇ ತಪ್ಪನ್ನು ಹಿಡಿದು ಮಾತಾಡುತ್ತೇನೆ. ಸಂಸ್ಥೆ ವಿಸರ್ಜನೆಯಾದಾಗ ಪಾಲುದಾರ ಕೊಟ್ಟ ಸಾಲವನ್ನೂ ಹೊರಗಿನವರ ಸಾಲದ ಜೊತೆ ಆ ಖಾತೆಗೆ ತಳ್ಳಿಬಿಡುತ್ತಾರೆ.

ಬಾವ, ಬಾಮೈದ ಸೇರಿ ನಡೆಸಿದ ಒಂದು ಮರದ ಅಂಗಡಿ ಎಂದುಕೊಳ್ಳಿ. ಲಾಭ ನಷ್ಟ 3:2. ಬಾವನ ಬಂಡವಾಳ 3,00,000, ಬಾಮೈದನದು 40,000 ರೂಪಾಯಿ. ಬಾಮೈದ ಅಂಗಡಿಗೆ 60,000 ಸಾಲವನ್ನೂ ಕೊಟ್ಟಿದ್ದಾನೆ. ಬಾವನ ಹೆಂಡತಿ ಕೊಟ್ಟದ್ದು 40,000, ಮರದ ವ್ಯಾಪಾರಿಗಳ ಬಾಕಿ 1,00,000. ಕೈಯಲ್ಲಿ ನಗದು 20,000, ಉಳಿದ ಆಸ್ತಿ ಪುಸ್ತಕದಲ್ಲಿ 5,20,000.

ಆ ಆಸ್ತಿ ಮಾರಿದಾಗ ಬಂದದ್ದು 3,50,000. ವ್ಯಾಪಾರಿಗಳು 95,000ಕ್ಕೆ ಒಪ್ಪಿದರು, ಖರ್ಚು 10,000. ಹೆಂಡತಿ ಮನೆಯವಳಾದರೂ ಸಂಸ್ಥೆಗೆ ಹೊರಗಿನವಳು. ಅವಳ ಸಾಲ ನಗದೀಕರಣ ಖಾತೆಗೇ ಹೋಗಿ ಪೂರ್ತಿ ತೀರುತ್ತದೆ. ಖಾತೆಯ ನಷ್ಟ 1,75,000. ಬಾವನ ಪಾಲು 1,05,000, ಬಾಮೈದನದು 70,000.

ಇನ್ನು ಬಾಮೈದನ 60,000. ಅದನ್ನು ನಗದೀಕರಣ ಖಾತೆಯ ಎರಡೂ ಬದಿಗೆ ಬರೆದರೂ ನಷ್ಟ ಅಷ್ಟೇ ಬರುತ್ತದೆ. ತಪ್ಪು ಅಡಗಿ ಕೂರುವುದು ಅಲ್ಲೇ! ಮೊತ್ತ ಕೂಡಿದೆ ಎಂದು ವಿದ್ಯಾರ್ಥಿ ನಿಶ್ಚಿಂತನಾಗುತ್ತಾನೆ. ಆದರೆ 1932ರ ಪಾಲುದಾರಿಕೆ ಕಾಯಿದೆಯ 48ನೇ ಕಲಮು ಸರದಿಯನ್ನು ಬೇರೆ ಬೇರೆ ಹೇಳಿದೆ: ಮೊದಲು ಹೊರಗಿನವರು, ಆಮೇಲೆ ಪಾಲುದಾರರ ಸಾಲ, ಅದಾದ ಮೇಲೆ ಬಂಡವಾಳ. ಹೊರಗಿನವರ ಸಾಲದಲ್ಲಿ ಬೆರೆಸಿದರೆ ಈ ನಡುವಿನ ಮೆಟ್ಟಿಲೇ ಕಾಣೆಯಾಗುತ್ತದೆ. ಅದಕ್ಕೇ ಸಾಲದ ಖಾತೆ ಪ್ರತ್ಯೇಕವಾಗಿರಬೇಕು.

ಪ್ರತ್ಯೇಕವಾಗಿಟ್ಟರೆ ಮತ್ತೊಂದೂ ಕಣ್ಣಿಗೆ ಬೀಳುತ್ತದೆ. ಬಾಮೈದನ ಬಂಡವಾಳ 40,000, ನಷ್ಟ 70,000. ಅವನೇ 30,000 ತರಬೇಕು. 60,000 ಪೂರ್ತಿ ಅವನ ಕೈಗಿಟ್ಟು, 30,000ಕ್ಕಾಗಿ ಅವನ ಮನೆ ಬಾಗಿಲು ತಟ್ಟುವುದೇಕೆ? ಸಾಲದಿಂದ 30,000 ಬಂಡವಾಳ ಖಾತೆಗೆ ವರ್ಗಾಯಿಸಿ, ಉಳಿದ 30,000 ಕೊಡಿ. ಅವನು ದಿವಾಳಿಯಾಗಿದ್ದರೆ ಬಾವನ ಹಣ ಉಳಿಯುವುದೂ ಹೀಗೆಯೇ.

ಹೊರಗಿನವರಿಗೂ ಖರ್ಚಿಗೂ ಕೊಟ್ಟ ಮೇಲೆ ಕೈಯಲ್ಲಿ 2,25,000. ಬಾಮೈದನಿಗೆ 30,000 ಹೋದರೆ 1,95,000 ಉಳಿಯಿತು. ಬಾವನ ಬಂಡವಾಳವೂ 3,00,000ದಲ್ಲಿ 1,05,000 ಕಳೆದು ಅಷ್ಟೇ. ಬ್ಯಾಂಕ್ ಖಾತೆ ಸೊನ್ನೆಗೆ ಇಳಿದರೆ ಲೆಕ್ಕ ಕೂಡಿತು ಎನ್ನಬಹುದು, ಆದರೆ ಸರದಿ ಸರಿ ಎಂದಲ್ಲ. ಅದಕ್ಕೆ ಸಾಲದ ಖಾತೆಯನ್ನೇ ತೆರೆದು ನೋಡಬೇಕು.

ಅಧ್ಯಕ್ಷರು ಗಡಿಯಾರ ತೋರಿಸುತ್ತಿದ್ದಾರೆ. ಮೂವರು ಪಾಲುದಾರರಲ್ಲಿ ಒಬ್ಬ ದಿವಾಳಿಯಾದಾಗ ಬರುವ 1904ರ ಗಾರ್ನರ್–ಮರೇ ತೀರ್ಪನ್ನು ಪ್ರಶ್ನೋತ್ತರದಲ್ಲಿ ನೋಡೋಣ.