ನಿಮ್ಮ ಕನ್ನಡ ಬೇಕಾದವರನ್ನು ಹುಡುಕಿ

ಸಿಂಧನೂರಿನಲ್ಲೋ ಹೊಸದುರ್ಗದಲ್ಲೋ ಇದ್ದುಕೊಂಡು ಇಂಗ್ಲಿಷ್ ಮಾತಾಡಲು ಜೊತೆ ಹುಡುಕುವವರು ಸಾಮಾನ್ಯವಾಗಿ ಒಬ್ಬರ ಭಾಷೆ ಇನ್ನೊಬ್ಬರು ಕಲಿಯಲೆಂದೇ ಇರುವ ಟ್ಯಾಂಡೆಮ್, ಹಲೋಟಾಕ್‌ನಂಥ ಆ್ಯಪ್ ಹಾಕಿಕೊಂಡು ಅಮೆರಿಕದವರಿಗೆ ‘ಹಾಯ್’ ಕಳಿಸುತ್ತಾರೆ. ಉತ್ತರ ಬರುವುದು ಅಪರೂಪ. ನಿಮ್ಮ ಇಂಗ್ಲಿಷ್ ಸರಿಯಿಲ್ಲ ಅಂತಲ್ಲ. ಅಲ್ಲಿ ನಡೆಯುವುದು ಕೊಡು-ಕೊಳ್ಳುವ ಲೆಕ್ಕ. ಅವರಿಗೆ ಸ್ಪ್ಯಾನಿಷ್ಷೋ ಜಪಾನೀಸೋ ಬೇಕು, ನಿಮ್ಮ ಹತ್ತಿರ ಇರುವುದು ಕನ್ನಡ.

ಆ ಕನ್ನಡ ಬೇಕಾದವರು ಬೆಂಗಳೂರಿನಲ್ಲಿದ್ದಾರೆ. ಅಸ್ಸಾಮಿನಿಂದ, ಬಂಗಾಳದಿಂದ, ಕೇರಳದಿಂದ ಕೆಲಸಕ್ಕೆ ಬಂದವರು. ಆಫೀಸಿನಲ್ಲಿ ದಿನವಿಡೀ ಇಂಗ್ಲಿಷ್ ಆಡುತ್ತಾರೆ, ತರಕಾರಿ ಅಂಗಡಿಯಲ್ಲಿ ಮಾತು ನಿಂತುಹೋಗುತ್ತದೆ. ನಿಮ್ಮೂರಿಂದ ಹೋಗಿ ಪಿಜಿಯಲ್ಲಿರುವ ಅಣ್ಣನನ್ನೋ ಗೆಳತಿಯನ್ನೋ ಕೇಳಿ: ‘ನಿನ್ನ ರೂಮ್‌ಮೇಟ್‌ಗೆ ಕನ್ನಡ ಕಲಿಯೋ ಆಸೆ ಇದೆಯಾ?’ ಪರಿಚಯದ ಮೇಲೆ ಬಂದವರು ಅಷ್ಟು ಸುಲಭಕ್ಕೆ ಕೈಬಿಡುವುದಿಲ್ಲ, ನಂಬರ್ ಕೊಡಲೂ ಧೈರ್ಯವಿರುತ್ತದೆ. ಅವರದು ಲಂಡನ್ ಇಂಗ್ಲಿಷ್ ಅಲ್ಲ, ನಿಜ. ಆದರೆ ನಾಳೆ ನಿಮ್ಮ ಇಂಟರ್‌ವ್ಯೂ ಮಾಡುವವರು ಆಡುವುದೂ ಇದೇ ಇಂಗ್ಲಿಷ್.

ವಾರಕ್ಕೆ ಎರಡು ಸಲ, ಅರ್ಧ ಗಂಟೆ ಫೋನ್ ಸಾಕು. ಮೊದಲ 15 ನಿಮಿಷ ಕನ್ನಡ, ಆಮೇಲೆ 15 ನಿಮಿಷ ಇಂಗ್ಲಿಷ್. ಅಲಾರಂ ಇಟ್ಟುಕೊಳ್ಳಿ, ಎರಡನ್ನೂ ಬೆರೆಸಬೇಡಿ. ಬೆರೆಸಿದರೆ ಇಬ್ಬರಿಗೂ ಸಲೀಸಾದ ಭಾಷೆಗೆ, ಎಷ್ಟೋ ಸಲ ಹಿಂದಿಗೆ, ಮಾತು ಜಾರುತ್ತದೆ. ಕನ್ನಡ ಮೊದಲಿರಲಿ ಎನ್ನುವುದಕ್ಕೂ ಕಾರಣವಿದೆ: ಆ ಹೊತ್ತಿನಲ್ಲಿ ತಡವರಿಸುವವರು ಅವರು. ಅದನ್ನು ಕೇಳಿದ ಮೇಲೆ ನಿಮ್ಮ ಸರದಿಗೆ ನಾಚಿಕೆ ಅರ್ಧ ಇಳಿದಿರುತ್ತದೆ.

ಮಾತಿನ ನಡುವೆ ತಿದ್ದಬಾರದು. ಕೇಳುವವರು ಮೂರೇ ತಪ್ಪು ಬರೆದಿಟ್ಟುಕೊಂಡು ಕೊನೆಗೆ ಹೇಳಲಿ. ಉದಾಹರಣೆಗೆ, ನೀವು ‘ಯೆಸ್ಟರ್‌ಡೇ ಐ ಹ್ಯಾಡ್ ಗಾನ್ ಟು ದ ಮಾರ್ಕೆಟ್’ ಅಂದಿರಿ. ಅದು ‘ನಿನ್ನೆ ಸಂತೆಗೆ ಹೋಗಿದ್ದೆ’ ಎಂಬುದರ ನೇರ ಅಚ್ಚು. ಕನ್ನಡದಲ್ಲಿ ‘ಹೋಗಿದ್ದೆ’ ಸಹಜ, ಇಂಗ್ಲಿಷಿಗೆ ಇಲ್ಲಿ ‘ಐ ವೆಂಟ್’ ಸಾಕು. ಅದೇ ವಾಕ್ಯವನ್ನು ಸರಿಮಾಡಿ, ನಿನ್ನೆಯ ಬೇರೆ ಮೂರು ಕೆಲಸ ಸೇರಿಸಿ ಆಗಲೇ ಹೇಳಿ. ಅತ್ತ ಅವರು ‘ನೀನು ಬನ್ನಿ’ ಎಂದಿರುತ್ತಾರೆ. ‘ನೀನು ಬಾ, ನೀವು ಬನ್ನಿ’ ಅಂತ ಜೋಡಿಯಾಗಿಯೇ ಹೇಳಿಕೊಡಿ.

ಎರಡು ಮೂರು ವಾರಕ್ಕೆ ಊರು, ಮನೆ, ಕೆಲಸದ ವಿಷಯ ಮುಗಿದು ‘ಮತ್ತೇನು?’ ಎನ್ನುವ ಹಂತ ಬರುತ್ತದೆ. ಬಹಳ ಜೋಡಿಗಳು ನಿಲ್ಲಿಸುವುದು ಇಲ್ಲೇ. ಅದಕ್ಕೆ ಹಿಂದಿನ ರಾತ್ರಿಯೇ ಒಂದು ಫೋಟೊ ಕಳಿಸಿ: ಅಡುಗೆಮನೆ, ಬಸ್‌ಸ್ಟ್ಯಾಂಡ್, ಕೆಟ್ಟುನಿಂತ ಮೋಟರ್ ಪಂಪು. ಇಬ್ಬರೂ ಅದರ ಬಗ್ಗೆಯೇ ಮಾತಾಡಿ. ನೆಟ್‌ವರ್ಕ್ ಕೈಕೊಟ್ಟ ದಿನ ಅದೇ ಫೋಟೊದ ಮೇಲೆ ಒಂದೊಂದು ನಿಮಿಷದ ವಾಯ್ಸ್ ಮೆಸೇಜ್ ಕಳಿಸಿ. ಬರೆದಿಟ್ಟುಕೊಂಡು ಓದಬೇಡಿ, ಓದಿದ್ದು ದನಿಯಲ್ಲೇ ಗೊತ್ತಾಗುತ್ತದೆ.